ಕೇಳದ ಹಾಡಿಗೆ ಹಣ

ಶಿರಾದಲ್ಲಿ ಹಣ್ಣಿನ ಗಾಡಿ ಇಟ್ಟಿರುವ ನಮ್ಮ ಅಬ್ಬಾರ ಖಾತೆಯಿಂದ ಮೂರು ತಿಂಗಳು 119 ರೂಪಾಯಿಯಂತೆ ಕಡಿತವಾಗಿತ್ತು. ಬ್ಯಾಂಕಿನ ಸಂದೇಶದಲ್ಲಿ ಗೂಗಲ್ ಪ್ಲೇ ಎಂದಷ್ಟೇ ಇತ್ತು. "ಇದು ನಮ್ಮದಲ್ಲ ಅಂತ ಬ್ಯಾಂಕಿಗೆ ಬರೆದುಕೊಡ್ತೀನಿ" ಎಂದರು ಅಬ್ಬಾ. ಹಾಗೆ ಸಹಿ ಹಾಕುವ ಮೊದಲು ಅದು ನಿಜವೇ ಎಂದು ನೋಡಬೇಕೆನಿಸಿತು. ಒಂದು ದಿನ ತಡೆಯಿರಿ ಎಂದೆ.

ಮೊದಲು ಸೋರಿಕೆ ನಿಲ್ಲಿಸಿದೆವು. ಪಾವತಿ ಆ್ಯಪ್‌ನಲ್ಲಿ Autopay ಎಂಬ ಜಾಗ ಇರುತ್ತದೆ. ಪ್ರತಿ ತಿಂಗಳು ತಾನಾಗಿ ಹಣ ಹೋಗಲು ಕೊಟ್ಟ ಒಪ್ಪಿಗೆಗಳೆಲ್ಲ ಅಲ್ಲಿ ಕಾಣುತ್ತವೆ. 119 ರೂಪಾಯಿಯದು ಅಲ್ಲೇ ಸಿಕ್ಕಿತು. ಅಬ್ಬಾ ಪಿನ್ ಒತ್ತಿ ಅದನ್ನು ರದ್ದು ಮಾಡಿದರು. ಆದರೆ ಇಂಥ ಒಪ್ಪಿಗೆ ಶುರುವಾಗಲೂ ಒಮ್ಮೆ ಪಿನ್ ಒತ್ತಿರಲೇಬೇಕು. ಹಾಗಾದರೆ ಒತ್ತಿದವರು ಯಾರು?

ಪ್ಲೇ ಸ್ಟೋರ್‌ನ Subscriptions ಪುಟ ಖಾಲಿಯಿತ್ತು. ಅಷ್ಟಕ್ಕೇ ಮೋಸ ಎಂದು ತೀರ್ಮಾನಿಸುವಂತಿಲ್ಲ, ಏಕೆಂದರೆ ಆ ಪುಟ ಒಂದು ಜಿಮೇಲ್ ಖಾತೆಯ ಲೆಕ್ಕವನ್ನು ಮಾತ್ರ ತೋರಿಸುತ್ತದೆ. ಅಬ್ಬಾರ ಫೋನಿನಲ್ಲಿ ಇನ್ನೊಂದು ಖಾತೆಯೂ ಇತ್ತು, ಪಾವಗಡಕ್ಕೆ ಮದುವೆಯಾಗಿ ಹೋದ ಆಪಾರದು. ಅದರ ಮೇಲ್‌ನಲ್ಲಿ GPA ಎಂದು ಹುಡುಕಿದೆ. ಪ್ಲೇ ಸ್ಟೋರ್ ರಸೀದಿಯ ಆರ್ಡರ್ ಸಂಖ್ಯೆ ಆ ಅಕ್ಷರಗಳಿಂದಲೇ ಶುರುವಾಗುತ್ತದೆ. ಒಂದು ಸಂಗೀತ ಆ್ಯಪ್‌ನ ಮೂರು ರಸೀದಿಗಳು ಸಿಕ್ಕವು.

ಆಪಾಗೆ ಫೋನ್ ಮಾಡಿದೆ. "ಹಬ್ಬಕ್ಕೆ ಬಂದಾಗ ಒಂದು ತಿಂಗಳು ಫ್ರೀ ಅಂತ ಬಂತು, ಅಬ್ಬಾ ಹತ್ರಾನೇ ಪಿನ್ ಹಾಕಿಸ್ದೆ. ಆಮೇಲೆ ಆ್ಯಪ್ ತೆಗೆದುಬಿಟ್ಟೆನಲ್ಲ!" ಎಂದರು. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಕಡಿತಕ್ಕೆ ಒಂದು ದಿನ ಮುಂಚೆ ಮುನ್ಸೂಚನೆ ಬರಬೇಕೆಂಬ ನಿಯಮವಿದೆ, ಬಂದೂ ಇತ್ತು. ಇಂಗ್ಲಿಷಿನ ಆ ಸಂದೇಶವನ್ನು ಗಾಡಿ ಹತ್ತಿರ ನಿಂತವರು ಯಾರು ಓದುತ್ತಾರೆ?

ಪಿನ್ ನಾವೇ ಒತ್ತಿದ್ದರಿಂದ ಬ್ಯಾಂಕಿನಲ್ಲಿ ಆ ದೂರು ನಿಲ್ಲುತ್ತಿರಲಿಲ್ಲ, ಬರೆದುಕೊಟ್ಟ ಮಾತೂ ಸುಳ್ಳಾಗುತ್ತಿತ್ತು. ಆಪಾರ ಖಾತೆಯಲ್ಲಿ ಚಂದಾ ರದ್ದು ಮಾಡಿ, ಪ್ಲೇ ಸ್ಟೋರ್‌ನಲ್ಲೇ ಹಣ ವಾಪಸ್ ಕೇಳಿದೆವು. ಕೊನೆಯ ತಿಂಗಳ 119 ಬಂತು. ಹಿಂದಿನ ಎರಡು ತಿಂಗಳದು ಬರಲಿಲ್ಲ.

ರಸೀದಿ ಎಲ್ಲೂ ಸಿಗದೆ, ಮನೆಯವರೆಲ್ಲ ನಾವಲ್ಲ ಎಂದಿದ್ದರೆ ದಾರಿ ಬೇರೆಯಾಗುತ್ತಿತ್ತು. ಆಗ ಕಾಯಬಾರದು. ನಮ್ಮ ತಪ್ಪಿಲ್ಲದೆ ಹೊರಗಿನವರು ಹಣ ತೆಗೆದಿದ್ದರೆ, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವರಿಗೆ ನಷ್ಟ ಹೊರಿಸಬಾರದೆಂದು ರಿಸರ್ವ್ ಬ್ಯಾಂಕ್ 2017ರಲ್ಲಿ ಹೇಳಿದೆ. ಆದ್ದರಿಂದ ಹುಡುಕಾಟ ಒಂದೇ ಸಂಜೆಯಲ್ಲಿ ಮುಗಿಯಬೇಕು. ದೂರು ಕೊಟ್ಟರೆ ಅದರ ಸಂಖ್ಯೆಯನ್ನು ಬರೆಸಿಕೊಳ್ಳಿ. ಬ್ಯಾಂಕು 30 ದಿನದಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ cms.rbi.org.in ತಾಣದಲ್ಲಿ ದೂರಲು ಆ ಸಂಖ್ಯೆ ಬೇಕಾಗುತ್ತದೆ.