ಎಲೆಯ ಬೆನ್ನು, ಕಾಯಿಯ ಹೊಕ್ಕುಳು

ಬೇಲಾಪುರದ ಕಚೇರಿಯಿಂದ ವಾಶಿಗೆ ಮರಳುವ ಸಂಜೆಯ ಲೋಕಲ್‌ನಲ್ಲಿ ನಿಂತುಕೊಂಡೇ ನಾನು ನಮ್ಮ ತೋಟವನ್ನು ನೋಡುತ್ತೇನೆ. ಮೂಡಿಗೆರೆ ತಾಲ್ಲೂಕಿನಲ್ಲಿರುವ ನಾಲ್ಕು ಎಕರೆ ಅರೇಬಿಕಾ ಅದು. ಅಪ್ಪನ ನಂತರ ನೋಡಿಕೊಳ್ಳುತ್ತಿರುವವನು ಅಣ್ಣ. ಮಳೆಗಾಲ ಬಂತೆಂದರೆ ಅವನ ಫೋನಿನಿಂದ ಎಲೆಯ ಚಿತ್ರಗಳು, ಕಾಯಿಯ ಚಿತ್ರಗಳು ಬರತೊಡಗುತ್ತವೆ. ಕೆಳಗೆ ಒಂದೇ ಸಾಲು ಇರುತ್ತದೆ: 'ಎಂತ ಮಾರಾಯ ಇದು, ತುಕ್ಕೇ?'

ಕೇಂದ್ರ ಸರ್ಕಾರದ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದವನನ್ನು ಇದನ್ನೆಲ್ಲ ಕೇಳುವುದೇಕೆ ಎಂದು ನೀವು ಕೇಳಬಹುದು. ಕಾಫಿ ಮಂಡಳಿಯ ಕೈಪಿಡಿಗಳನ್ನು, ಇಂಗ್ಲಿಷಿನ ಲೇಖನಗಳನ್ನು ಓದಿ ತಿಳಿಸುವ ಕೆಲಸ ಮನೆಯಲ್ಲಿ ಹೇಗೋ ನನ್ನ ಪಾಲಿಗೆ ಬಂದಿತು. ಎಂ.ಎ. ತರಗತಿಯಲ್ಲಿ ಕವಿಯ ಹೆಸರನ್ನು ಮರೆಮಾಡಿ ಪದ್ಯವನ್ನಷ್ಟೇ ಕೈಗಿತ್ತು ಓದಿಸುತ್ತಿದ್ದರು. ಗಿಡ ಕಾಣದೆ ಎಲೆಯೊಂದನ್ನೇ ಓದುವುದೂ ಅಂಥದೇ ಎಂದು ನಾನು ಬಹುಕಾಲ ನಂಬಿದ್ದೆ. ಆ ನಂಬಿಕೆ ನಮಗೆ ಒಂದು ಫಸಲಿನಲ್ಲಿ ದುಬಾರಿಯಾಯಿತು.

ಮೊದಲು ಎಲೆಯ ವಿಚಾರ. ಅಣ್ಣ ಆರಂಭದಲ್ಲಿ ಕಳುಹಿಸುತ್ತಿದ್ದುದು ಎಲೆಯ ಮೇಲ್ಭಾಗದ ಚಿತ್ರ. ಹಸಿರಿನ ಮೇಲೆ ನಾಲ್ಕಾರು ಹಳದಿ ಮಚ್ಚೆಗಳು. ಅಷ್ಟರಿಂದ ಏನನ್ನೂ ಹೇಳಲಾಗದು. ಪೋಷಕಾಂಶದ ಕೊರತೆಗೂ ಎಲೆ ಹಳದಿಯಾಗುತ್ತದೆ, ನೆರಳಿನ ಕೊಂಬೆ ಕಡಿದಾಗ ಬಿಸಿಲು ನೇರವಾಗಿ ಬಿದ್ದರೂ ಹಳದಿಯಾಗುತ್ತದೆ. ತುಕ್ಕಿನ ಸಾಕ್ಷಿ ಇರುವುದು ಎಲೆಯ ಬೆನ್ನಿನಲ್ಲಿ. ಕಾಫಿ ಎಲೆಯ ಪತ್ರರಂಧ್ರಗಳು ಇರುವುದು ಕೆಳಮೈಯಲ್ಲಿ. ತುಕ್ಕಿನ ಶಿಲೀಂಧ್ರ ಒಳಹೋಗುವುದು ಆ ರಂಧ್ರಗಳ ಮೂಲಕ, ಒಳಗೆ ಬೆಳೆದು ಬೀಜಕಣಗಳನ್ನು ಹೊರಚಾಚುವುದೂ ಅವುಗಳ ಮೂಲಕವೇ. ಆದುದರಿಂದ ಎಲೆಯ ಚರ್ಮ ಒಡೆದಿರುವುದಿಲ್ಲ. ಅದರ ಮೇಲೆ ಕಿತ್ತಳೆ ಬಣ್ಣದ ಹುಡಿ ಕುಳಿತಿರುತ್ತದೆ. ಬೆರಳಿನಿಂದ ಉಜ್ಜಿದರೆ ಅರಿಸಿನದಂತೆ ಅಂಟಿಕೊಳ್ಳುತ್ತದೆ. ಉಜ್ಜಿದ ಬೆರಳಿನ ಚಿತ್ರವನ್ನೂ ಕಳುಹಿಸು ಎಂದು ಅಣ್ಣನಿಗೆ ಹೇಳಿದ ದಿನದಿಂದ ನಮ್ಮ ಅರ್ಧ ಸಂದೇಹಗಳು ಕರಗಿದವು.

ಇದೇ ಹಳದಿಯ ವೇಷದಲ್ಲಿ ಬರುವ ಇನ್ನೊಂದು ರೋಗವಿದೆ. ಕಂದು ಮಚ್ಚೆ, ನಡುವೆ ಬೂದುಬಿಳಿಯ ಚುಕ್ಕೆ, ಸುತ್ತ ಹಳದಿ ಬಳೆ, ಕಣ್ಣಿನಂತೆ ಕಾಣುತ್ತದೆ. ಅದರ ಬೆನ್ನನ್ನು ಉಜ್ಜಿದರೆ ಕಿತ್ತಳೆ ಹುಡಿ ಬಾರದು. ಎಲೆಗಳು ಕಪ್ಪಾಗಿ ಕೊಳೆತು, ತೆಳುವಾದ ಎಳೆಯೊಂದಕ್ಕೆ ಜೋತುಬಿದ್ದಿದ್ದರೆ ಅದು ಕೊಳೆ ರೋಗ. ಅದರ ಶಾಸ್ತ್ರೀಯ ಹೆಸರಿನಲ್ಲಿಯೂ 'ಕೊಳೆರೋಗ' ಎಂಬ ನಮ್ಮ ಕನ್ನಡದ ಮಾತೇ ಇದೆ. ತುಕ್ಕಿನ ಶಿಲೀಂಧ್ರಕ್ಕಾದರೋ ಹೆಮಿಲಿಯಾ ವಸ್ಟಾಟ್ರಿಕ್ಸ್ ಎಂದು ಹೆಸರು. ಬೀಜಕಣದ ಒಂದು ಪಕ್ಕ ನುಣುಪು, ಇನ್ನೊಂದು ಪಕ್ಕ ಮುಳ್ಳುಮುಳ್ಳು ಆದ್ದರಿಂದ 'ಅರೆನುಣುಪಿನದು' ಎಂಬ ಅರ್ಥ ಮೊದಲ ಪದಕ್ಕೆ. ಎರಡನೆಯದಕ್ಕೆ 'ಹಾಳುಗೆಡಹುವುದು' ಎಂದರ್ಥ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು, ಎರಡು ದಶಕಗಳಲ್ಲಿ ಅಲ್ಲಿಯ ಕಾಫಿಯನ್ನು ಅಳಿಸಿ ಚಹಾಕ್ಕೆ ಜಾಗ ಮಾಡಿಕೊಟ್ಟ ರೋಗವಿದು. ನಮ್ಮ ಮಲೆನಾಡಿಗೂ ಅದು ಬೇಗನೆ ಬಂದಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಆರಂಭವಾದ ಸಂಶೋಧನಾ ಕೇಂದ್ರದ ಹೆಚ್ಚಿನ ದುಡಿಮೆ ಇದರ ಬೆನ್ನು ಹತ್ತಿಯೇ ನಡೆಯಿತು. ಅಲ್ಲಿಂದ ಬಂದ ಎಸ್. 795 ತಳಿಯೇ ಅಪ್ಪ ನೆಟ್ಟದ್ದು. ಒಂದು ಕಾಲಕ್ಕೆ ತುಕ್ಕನ್ನು ತಡೆದ ಆ ತಳಿಗೆ ಈಗ ಆ ಕಸುವಿಲ್ಲ. ಶಿಲೀಂಧ್ರ ಹೊಸ ಹೊಸ ಬಗೆಗಳಾಗಿ ಕವಲೊಡೆಯುತ್ತ ಹೋಯಿತು. ಗಿಡ ಇದ್ದಂತೆಯೇ ಉಳಿಯಿತು.

ಚಿತ್ರದಲ್ಲಿ ತುಕ್ಕು ಕಂಡಿತು, ಸರಿ. ಮುಂದೇನು? ಇಲ್ಲಿ ಓದುಗನಾದ ನಾನು ತಡವಾಗಿ ಕಲಿತ ಸಂಗತಿಯೊಂದಿದೆ. ಬೀಜಕಣ ಮೊಳೆಯಲು ಎಲೆಯ ಮೇಲೆ ನೀರಿನ ಹನಿ ಬೇಕು. ಒಳಹೊಕ್ಕ ಮೇಲೆ ಹುಡಿಯಾಗಿ ಕಾಣಿಸಿಕೊಳ್ಳಲು ಹಲವು ವಾರಗಳು ಬೇಕು. ಅಂದರೆ ಇಂದಿನ ಚಿತ್ರ ತೋರಿಸುವುದು ಹಿಂದಿನ ತಿಂಗಳ ಮಳೆಯನ್ನು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಬೀಜಕಣವನ್ನು ಎಲೆಯ ಹೊರಗೇ ಕೊಲ್ಲುತ್ತದೆ; ಒಳಹೊಕ್ಕ ಶಿಲೀಂಧ್ರವನ್ನು ಅದು ಮುಟ್ಟಲಾರದು. ಇನ್ನೂರು ಲೀಟರ್‌ನ ಒಂದು ಬ್ಯಾರೆಲ್ಲಿಗೆ ಒಂದು ಕಿಲೋ ಮೈಲುತುತ್ತ, ಅದಕ್ಕೆ ತಕ್ಕ ಸುಣ್ಣ. ಮುಂಗಾರಿಗೆ ಮುನ್ನ ಒಮ್ಮೆ, ಮಳೆ ಇಳಿದಾಗ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ, ಎಲೆಯ ಬೆನ್ನು ತೊಯ್ಯುವಂತೆ ಕೆಳಗಿನಿಂದ ಮೇಲಕ್ಕೆ ಹೊಡೆಯಬೇಕು. ಆದುದರಿಂದ ತುಕ್ಕು ಹಿಡಿದ ಎಲೆಯನ್ನು ನೋಡಿ ನಾನು ಕೇಳಬೇಕಾದ ಪ್ರಶ್ನೆ ಆ ಎಲೆಯ ಬಗ್ಗೆ ಅಲ್ಲ, ಅದೇ ರೆಕ್ಕೆಯ ತುದಿಯಲ್ಲಿರುವ ಹೊಸ ಎಲೆಗಳ ಬಗ್ಗೆ. ಹಳೆಯ ಎಲೆ ಹೇಗೂ ಉದುರುತ್ತದೆ. ಹೊಸವೂ ಉದುರಿದರೆ ಮುಂದಿನ ವರ್ಷ ಹೂ ಬಿಡಬೇಕಾದ ರೆಕ್ಕೆಯೇ ಒಣಗುತ್ತದೆ.

ಇನ್ನು ಕಾಯಿಯ ವಿಚಾರ; ನನ್ನ ತಪ್ಪಿನ ವಿಚಾರ.

ಮೂರು ವರ್ಷಗಳ ಹಿಂದಿನ ಆಗಸ್ಟ್. ಅಣ್ಣ ಹಸಿರು ಕಾಯೊಂದರ ಚಿತ್ರ ಕಳುಹಿಸಿದ. ತೊಟ್ಟಿಗೆ ಎದುರಾದ ತುದಿಯಲ್ಲಿ ಒಂದು ಕಪ್ಪು ಚುಕ್ಕೆ. 'ಬೋರರ್ ಆಗಿರ್ಬಹುದಾ?' ಎಂದು ಕೇಳಿದ್ದ. ಕಾಯಿಕೊರಕ ನಮ್ಮ ದೇಶದಲ್ಲಿ ಮೊದಲು ಕಂಡದ್ದು 1990ರಲ್ಲಿ, ನೀಲಗಿರಿಯ ಗೂಡಲೂರಿನಲ್ಲಿ. ಅಲ್ಲಿಂದ ವಯನಾಡು, ಕೊಡಗು ದಾಟಿ ನಮ್ಮಲ್ಲಿಗೆ ಬಂದಿತು. ಅದು ಕೊರೆದ ಕಡೆ ಹುಡಿ ಉದುರಿರುತ್ತದೆ ಎಂದು ನಾನು ಓದಿದ್ದೆ. ಚಿತ್ರದಲ್ಲಿ ಹುಡಿ ಇರಲಿಲ್ಲ. ಕಾಯಿಯ ಆ ತುದಿಯಲ್ಲಿ ಹೂವು ಕಳಚಿದ ಗುರುತು, ಹೊಕ್ಕುಳಿನಂಥದು, ಹೇಗೂ ಇದ್ದೇ ಇರುತ್ತದೆ. 'ಏನೂ ಅಲ್ಲ ಅಣ್ಣ, ಹೂವಿನ ಗುರುತು' ಎಂದು ಜುಯಿನಗರದಲ್ಲಿ ರೈಲು ನಿಂತಿದ್ದಾಗ ಬರೆದು ಕಳುಹಿಸಿದೆ. ವಾಶಿಯಲ್ಲಿ ಇಳಿಯುವಷ್ಟರಲ್ಲಿ ಮರೆತೂ ಬಿಟ್ಟೆ.

ಕಾಯಿಕೊರಕ ಒಳಹೋಗಲು ಆರಿಸಿಕೊಳ್ಳುವ ಜಾಗವೇ ಆ ಹೊಕ್ಕುಳು. ಗುರುತಿನ ಅಂಚು ಒರಟು, ಮೇಲ್ಮೈ ಮುಚ್ಚಿರುತ್ತದೆ. ಕೊರಕದ ತೂತು ಗುಂಡುಸೂಜಿಯಿಂದ ಚುಚ್ಚಿದಂತೆ ದುಂಡಗೆ, ಅಂಚು ಚೊಕ್ಕಟವಾಗಿ, ಒಳಗೆ ಕತ್ತಲೆಯಾಗಿರುತ್ತದೆ. ಹುಡಿ ಇರಲಿಲ್ಲವೇಕೆ? ಆಗಸ್ಟಿನ ಮಲೆನಾಡಿನ ಮಳೆಯಲ್ಲಿ ಯಾವ ಹುಡಿ ನಿಂತೀತು? ವಾಶಿಯ ಮಳೆಯಲ್ಲಿ ಕೊಡೆ ಹಿಡಿದು ನಡೆಯುವವನಿಗೆ ಅದು ಹೊಳೆಯಬೇಕಿತ್ತು. ಪುಸ್ತಕದಲ್ಲಿದ್ದ ಒಂದು ಲಕ್ಷಣ ಚಿತ್ರದಲ್ಲಿ ಇಲ್ಲವೆಂದು ರೋಗವೇ ಇಲ್ಲವೆಂದುಬಿಟ್ಟಿದ್ದೆ.

ಆ ಚುಕ್ಕೆಯ ಹಿಂದೆ ಇದ್ದದ್ದು ಸಾಸಿವೆಯಷ್ಟು ಗಾತ್ರದ ಒಂದು ಕಪ್ಪು ಹೆಣ್ಣು ದುಂಬಿ. ಬೀಜ ಇನ್ನೂ ನೀರುನೀರಾಗಿದ್ದರೆ ಅದು ತೂತಿನಲ್ಲಿಯೇ ಕಾಯುತ್ತದೆ. ಬೀಜ ಗಟ್ಟಿಯಾದಾಗ ಒಳಕ್ಕೆ ಕೊರೆದು ಮೊಟ್ಟೆಯಿಡುತ್ತದೆ. ಮರಿಗಳು ಬೀಜವನ್ನು ತಿಂದೇ ಬೆಳೆಯುತ್ತವೆ. ಅವುಗಳಲ್ಲಿ ಗಂಡು ಬೆರಳೆಣಿಕೆಯಷ್ಟು, ಹಾರಲಾರದವು. ಹೆಣ್ಣುಗಳು ಕಾಯಿಯೊಳಗೇ ಕೂಡಿ, ಮೊಟ್ಟೆಯಿಡಲು ಸಿದ್ಧವಾಗಿಯೇ ಹೊರಬರುತ್ತವೆ. ಒಂದು ತಲೆಮಾರಿಗೆ ಒಂದು ತಿಂಗಳು ಸಾಕು. ಡಿಸೆಂಬರಿನಲ್ಲಿ ಹಣ್ಣು ಕೊಯ್ದು ನೀರಿಗೆ ಹಾಕಿದಾಗ ತೇಲಿದ ಹಣ್ಣಿನ ಪ್ರಮಾಣ ಕಂಡು ಅಣ್ಣ ನನಗೆ ಚಿತ್ರ ಕಳುಹಿಸಲಿಲ್ಲ. ವ್ಯಾಪಾರಿ ತೂತುಬಿದ್ದ ಬೀಜವೆಂದು ಚೀಲಕ್ಕೆ ಇಷ್ಟು ಎಂದು ಬೆಲೆ ಮುರಿದುಕೊಂಡದ್ದೂ ನನಗೆ ತಿಳಿದದ್ದು ಅತ್ತಿಗೆಯಿಂದ. ಯುಗಾದಿಗೆ ಊರಿಗೆ ಹೋದಾಗ ನಾನೇ ಮಾತು ತೆಗೆದೆ. 'ನೀನು ಹೇಳಿದ್ದು ಚಿತ್ರ ನೋಡಿ. ಕಾಯಿ ನನ್ನ ಕೈಯಲ್ಲೇ ಇತ್ತಲ್ಲ, ನಾನೇ ಒಂದು ಒಡೆದು ನೋಡ್ಬೋದಿತ್ತು' ಎಂದಷ್ಟೇ ಅವನು ಹೇಳಿದ. ಬೈದಿದ್ದರೆ ಹಗುರವಾಗುತ್ತಿತ್ತು.

ಈಗ ನಮ್ಮ ಪದ್ಧತಿ ಬೇರೆ. ಒಂದೇ ಚಿತ್ರಕ್ಕೆ ನಾನು ಉತ್ತರ ಕೊಡುವುದಿಲ್ಲ. ಎಲೆಯಾದರೆ ಮೇಲ್ಭಾಗ, ಬೆನ್ನು, ಉಜ್ಜಿದ ಬೆರಳು. ಕಾಯಾದರೆ ಪಕ್ಕದಲ್ಲೊಂದು ಬೆಂಕಿಕಡ್ಡಿಯಿಟ್ಟು ಹೊಕ್ಕುಳಿನ ಚಿತ್ರ, ಬಳಿಕ ಬ್ಲೇಡಿನಿಂದ ಸೀಳಿದ ಕಾಯಿಯ ಚಿತ್ರ. ಜೊತೆಗೆ ಎಣಿಕೆ. ಹತ್ತಿರದಿಂದ ತೆಗೆದ ಚಿತ್ರ ರೋಗ ಯಾವುದೆಂದು ಹೇಳಬಲ್ಲದು, ಎಷ್ಟಿದೆಯೆಂದು ಹೇಳಲಾರದು; ಕಣ್ಣು ಯಾವಾಗಲೂ ಕೆಟ್ಟ ಎಲೆಯನ್ನೇ ಆರಿಸಿಕೊಳ್ಳುತ್ತದೆ.

ಕಳೆದ ಸೆಪ್ಟೆಂಬರಿನಲ್ಲಿ ಅಣ್ಣ ತೋಟದ ಬೇರೆ ಬೇರೆ ಕಡೆ ಇಪ್ಪತ್ತು ಗಿಡ ಹಿಡಿದು, ಗಿಡಕ್ಕೆ ಹತ್ತರಂತೆ ಇನ್ನೂರು ಎಲೆ ಮಗುಚಿ ನೋಡಿದ. ಮೂವತ್ತೊಂದರಲ್ಲಿ ತುಕ್ಕಿತ್ತು, ಬಹುತೇಕ ಎಲ್ಲವೂ ಒಳಗಿನ ಹಳೆಯ ಎಲೆಗಳು. ತುದಿಯ ಜೋಡಿಗಳು ಶುಭ್ರವಾಗಿದ್ದವು. ಅವನ್ನು ಉಳಿಸಿಕೊಳ್ಳಲು ಮಳೆಯ ಬಿಡುವಿನಲ್ಲಿ ಬೋರ್ಡೋ ಹೊಡೆಯುವುದೆಂದು ನಿರ್ಧಾರವಾಯಿತು. ಐದು ಕಡೆಗಳಿಂದ ನೂರರಂತೆ ಐನೂರು ಕಾಯಿ ನೋಡಿದಾಗ ಒಂಬತ್ತರಲ್ಲಿ ತೂತು. ಅವುಗಳಲ್ಲಿ ಏಳು ಒಣಗಿಸುವ ಕಣದ ಪಕ್ಕದ ಗಿಡಗಳವು. ಸೀಳಿದಾಗ ಆರರಲ್ಲಿ ದುಂಬಿ ಇನ್ನೂ ಸಿಪ್ಪೆಯ ತೂತಿನಲ್ಲೇ ಕುಳಿತಿತ್ತು, ಬೀಜ ಕೆಟ್ಟಿರಲಿಲ್ಲ. ಮೂರರಲ್ಲಿ ಬೀಜದೊಳಗೆ ಬಿಳಿಯ ಮರಿಗಳಿದ್ದವು.

ದುಂಬಿ ಎಲ್ಲಿ ಕುಳಿತಿದೆ ಎಂಬುದೇ ಮುಖ್ಯ. ತೂತಿನ ಬಾಯಲ್ಲಿದ್ದರೆ ಹೊರಗಿನ ಸಿಂಪಡಣೆ ತಾಕೀತು. ಬೀಜದೊಳಗೆ ಸೇರಿದ ಮೇಲೆ ಯಾವುದೂ ತಾಕದು. ದುಂಬಿಗೆ ರೋಗ ಹಿಡಿಸುವ ಬ್ಯುವೇರಿಯಾ ಎಂಬ ಶಿಲೀಂಧ್ರವನ್ನು ಹೊಡೆಯಲು ಅದು ಸರಿಯಾದ ಹೊತ್ತಾಗಿತ್ತು. ಆದರೆ ಅದೇ ವಾರ ಅದೇ ಗಿಡಗಳಿಗೆ ಬೋರ್ಡೋ ಬೀಳಬೇಕಿತ್ತು. ಮೈಲುತುತ್ತ ಇರುವುದೇ ಶಿಲೀಂಧ್ರವನ್ನು ಕೊಲ್ಲಲು. ಅದಕ್ಕೆ ಹಗೆಯ ಶಿಲೀಂಧ್ರ, ನಂಟನ ಶಿಲೀಂಧ್ರ ಎಂಬ ಭೇದ ತಿಳಿಯದು. ಎಲೆಯನ್ನೂ ಕಾಯನ್ನೂ ಬೇರೆ ಬೇರೆಯಾಗಿ ಓದಿದ್ದರೆ ಎರಡನ್ನೂ ಕೊಂಡು, ಒಂದರಿಂದ ಇನ್ನೊಂದನ್ನು ಕೆಡಿಸಿಕೊಳ್ಳುತ್ತಿದ್ದೆವು. ಕಣದ ಪಕ್ಕದ ಗಿಡಗಳು ಕೆಲವೇ ಆದ್ದರಿಂದ ತೂತಿನ ಕಾಯಿಗಳನ್ನು ಕೈಯಿಂದಲೇ ಆರಿಸಿ ಕುದಿಯುವ ನೀರಿಗೆ ಹಾಕಿದರು. ಬೋರ್ಡೋ ತನ್ನ ಸರದಿಯಲ್ಲಿ ಬಿದ್ದಿತು. ಎರಡು ದಿನ ಅತ್ತಿಗೆಯೂ ಆ ಗಿಡಗಳ ನಡುವೆಯೇ ಇದ್ದರು.

ಕಣದ ಪಕ್ಕದಲ್ಲಿಯೇ ಏಕೆ ಹೆಚ್ಚು ಎಂಬುದಕ್ಕೆ ಉತ್ತರ ಹಿಂದಿನ ವರ್ಷದಲ್ಲಿತ್ತು. ಗಿಡದಲ್ಲಿ ಉಳಿದ, ನೆಲಕ್ಕೆ ಉದುರಿದ, ಕಣದಲ್ಲಿ ಸರಿಯಾಗಿ ಒಣಗದ ಕಾಯಿಗಳಲ್ಲಿಯೇ ದುಂಬಿ ಬೇಸಿಗೆ ಕಳೆಯುತ್ತದೆ. ಕೊಯ್ಲಾದ ಮೇಲೆ ನೆಲದ ಕಾಯಿ ಹೆಕ್ಕುವ ಕೆಲಸಕ್ಕೆ ಆಳು ಸಿಗುವುದಿಲ್ಲ, ಕೂಲಿ ಹುಟ್ಟುವುದಿಲ್ಲವೆಂದು ಅದನ್ನು ಬಿಟ್ಟಿದ್ದೆವು. ಆ ಕೂಲಿಯನ್ನು ಈ ಬಾರಿ ನಾನು ಇಲ್ಲಿಂದ ಕಳುಹಿಸಿದೆ.

ಫೆಬ್ರವರಿಯ ಕೊನೆಯಲ್ಲಿ ಅಣ್ಣನಿಂದ ಮತ್ತೊಂದು ಚಿತ್ರ ಬಂದಿತು. ವಾಶಿ ನಿಲ್ದಾಣದ ಮೆಟ್ಟಿಲಲ್ಲಿ ನಿಂತು ದೊಡ್ಡದು ಮಾಡಿ ನೋಡಿದೆ. ಗಿಡದ ಬುಡ, ತರಗೆಲೆ ಸರಿಸಿದ ಮಣ್ಣು; ಒಂದೂ ಕಾಯಿ ಇಲ್ಲ. ಕೆಳಗೆ ಅವನೇನೂ ಬರೆದಿರಲಿಲ್ಲ. ಆದರೂ ನಾನು ತರಗೆಲೆಯ ಅಂಚಿನಲ್ಲಿ ಕಪ್ಪಗೆ ಕಂಡದ್ದೊಂದನ್ನು ಮೂರು ಸಲ ನೋಡಿ, 'ಆ ಮೂಲೆಯಲ್ಲಿರುವುದು ಕಲ್ಲೋ ಕಾಯೋ?' ಎಂದು ಕೇಳಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂದಿತು: 'ಕಲ್ಲು. ಎತ್ತಿ ನೋಡಿದೆ.'