ಎಂಎಕ್ಸ್ ಬದಲಾಯಿಸುವ ರಾತ್ರಿ

ಮೇಲ್ ಸರ್ವರ್ ಬದಲಾಯಿಸುವ ಕೆಲಸವೆಂದರೆ ನನಗೆ ತುಂಬ ಇಷ್ಟ. ಅದರಲ್ಲಿ ಮಾಡುವುದಕ್ಕಿಂತ ಕಾಯುವುದೇ ಜಾಸ್ತಿ. ಎಷ್ಟು ಹೊತ್ತು ಕಾಯಬೇಕೆಂದು ಮೊದಲೇ ಲೆಕ್ಕ ಹಾಕಿಡಬಹುದು ಎನ್ನುವುದೇ ಅದರ ಸೊಗಸು.

ನಾಸಿಕದ ಸಾತಪುರದಲ್ಲಿ ಬಿಡಿಭಾಗ ತಯಾರಿಸುವ ಒಂದು ಕಾರ್ಖಾನೆ, ಅದರ ಇನ್ನೊಂದು ಘಟಕ ಛತ್ರಪತಿ ಸಂಭಾಜಿನಗರದ ವಾಳೂಜಿನಲ್ಲಿ. ಎರಡೂ ಕಡೆಯ ಆರ್ಡರುಗಳು ಬರುವುದು ಒಂದೇ ಡೊಮೈನಿಗೆ. ಅದರ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಡಿಎನ್‌ಎಸ್‌ನಲ್ಲಿ ಹೇಳುವುದು ಎಂಎಕ್ಸ್ ದಾಖಲೆ. ಕೇಳಿದವರು ಆ ಉತ್ತರವನ್ನು ಎಷ್ಟು ಸೆಕೆಂಡು ಇಟ್ಟುಕೊಳ್ಳಬಹುದು ಎಂಬುದು ಟಿಟಿಎಲ್. ಇಲ್ಲಿ ಅದು 86400, ಅಂದರೆ ಇಡೀ ಒಂದು ದಿನ. ಹಾಗೆಯೇ ಬದಲಾಯಿಸಿದ್ದರೆ ದಿನವಿಡೀ ಮೇಲ್ ಎರಡು ಸರ್ವರುಗಳಿಗೆ ಹಂಚಿಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಹತ್ತಕ್ಕೆ ಟಿಟಿಎಲ್ಲನ್ನು 300ಕ್ಕೆ ಇಳಿಸಿದೆ. ಆದರೆ 9:59ಕ್ಕೆ ಕೇಳಿದವರ ಬಳಿ ಹಳೆಯ ಉತ್ತರ ಶುಕ್ರವಾರ 9:59ರವರೆಗೂ ಇರುತ್ತದೆ. ಹೊಸ ಟಿಟಿಎಲ್ ಅವರಿಗೆ ತಿಳಿಯುವುದೇ ಆಮೇಲೆ. ಅವಸರದವರು ಎಡವುವುದು ಇಲ್ಲೇ.

ಶನಿವಾರ ರಾತ್ರಿ ನಾಸಿಕದಲ್ಲಿ ಕೂತು ಕೇಳಿದೆ:

```
dig MX example.com +noall +answer
example.com.  217  IN  MX  10 mail.example.com.
```

ವಾಳೂಜಿನ ಸಹೋದ್ಯೋಗಿ ಫೋನಿನಲ್ಲಿ ತಮ್ಮ ಕಡೆಯದನ್ನು ಓದಿದರು: 41. ಎರಡು ಊರಿನ ರಿಸಾಲ್ವರುಗಳು ಬೇರೆ ಬೇರೆ ಹೊತ್ತಿಗೆ ಕೇಳಿದ್ದವು, ಅಷ್ಟೆ. ಆ ಸಂಖ್ಯೆ ಇಳಿಯುತ್ತ ಬಂದು ಮತ್ತೆ 300ಕ್ಕೆ ಏರುವುದನ್ನು ನೋಡುತ್ತಿದ್ದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಎಲ್ಲಿಯೂ 300 ದಾಟಲಿಲ್ಲ. ಹತ್ತೂವರೆಗೆ ಎಂಎಕ್ಸ್ ಬದಲಾಯಿಸಿದೆ.

ಟಿಟಿಎಲ್ ಮಾತು ಕೇಳದ ಕೆಲವರು ಆಮೇಲೂ ಹಳೆಯ ಸರ್ವರಿನ ಬಾಗಿಲಿಗೇ ಬರುತ್ತಾರೆ. ಕೆಲಸ ಮುಗಿಯಿತೆಂದು ಅಲ್ಲಿಂದ ಡೊಮೈನನ್ನು ಅಳಿಸಿಬಿಟ್ಟರೆ ಅದು 554 ಎನ್ನುತ್ತದೆ. ಅದು ಖಾಯಂ ನಿರಾಕರಣೆ, ಮೇಲ್ ಕಳಿಸಿದವರಿಗೇ ವಾಪಸು. ಅದರ ಬದಲು 451 ಹೇಳಿಸಬೇಕು: ಈಗ ಆಗದು, ಆಮೇಲೆ ಬನ್ನಿ. ಕಳಿಸುವ ಸರ್ವರ್ ಪತ್ರವನ್ನು ಸಾಲಿನಲ್ಲಿಟ್ಟು ಮತ್ತೆ ಯತ್ನಿಸುತ್ತದೆ, ಆ ಹೊತ್ತಿಗೆ ಹೊಸ ಎಂಎಕ್ಸ್ ಸಿಕ್ಕಿರುತ್ತದೆ. ಇಡೀ ಕೆಲಸದಲ್ಲಿ ನನಗೆ ಅತಿ ಪ್ರಿಯವಾದ ಘಟ್ಟ ಇದು.

ಭಾನುವಾರ ಹಳೆಯ ಸರ್ವರಿನ ಲಾಗ್‌ನಲ್ಲಿ ಹೊರಗಿನವರ 451 ಸಾಲುಗಳು ವಿರಳವಾದವು. ಒಂದು ಒಳಗಿನ ಐಪಿ ಮಾತ್ರ ಬಿಡದೆ ಬರುತ್ತಿತ್ತು. ಹುಡುಕಿದರೆ ವಾಳೂಜಿನ ಸ್ಕ್ಯಾನರ್! ಅದರ ಸೆಟ್ಟಿಂಗಿನಲ್ಲಿ ಹಳೆಯ ಸರ್ವರಿನ ಐಪಿಯನ್ನೇ ಬರೆದಿದ್ದರು. ಅದು ಡಿಎನ್‌ಎಸ್ ಕೇಳುವುದೇ ಇಲ್ಲ, ಟಿಟಿಎಲ್ ಎಷ್ಟಿದ್ದರೂ ಅದಕ್ಕೆ ಒಂದೇ. ಇಂಥದ್ದನ್ನು ಕೈಯಿಂದಲೇ ತಿದ್ದಬೇಕು.

ಕಳಿಸುವ ಸರ್ವರುಗಳು ನಾಲ್ಕೈದು ದಿನವಾದರೂ ಯತ್ನಿಸಬೇಕೆಂದು ಎಸ್‌ಎಂಟಿಪಿ ನಿಯಮವೇ ಹೇಳುತ್ತದೆ. ಆದ್ದರಿಂದ ಹಳೆಯ ಸರ್ವರನ್ನು ಒಂದು ವಾರ ಆರಿಸಬೇಡಿ, ಅದರ ಲಾಗನ್ನು ದಿನಕ್ಕೊಮ್ಮೆ ಓದಿ; ಟಿಟಿಎಲ್ಲನ್ನು ಮತ್ತೆ 86400ಕ್ಕೆ ಏರಿಸುವುದು ಅದಾದ ಮೇಲೆ.