ಹುದ್ದೆ ಇಲ್ಲ ಅಂತಲೇ ಬರೀರಿ

‘ತಂಡದ ಪುನರ್‌ರಚನೆ’ ಅನ್ನುವ ವಿಷಯ ಹೊತ್ತು ಬಂದ ಮೇಲನ್ನು ಯಾರೂ ಮೊದಲಿನಿಂದ ಓದುವುದಿಲ್ಲ. ನನ್ನ ಕೆಲಸ ಇದೆಯಾ, ಇನ್ನು ಮೇಲೆ ನನ್ನ ಮ್ಯಾನೇಜರ್ ಯಾರು, ಯಾವತ್ತಿನಿಂದ? ಈ ಮೂರಕ್ಕೆ ಉತ್ತರ ಸಿಗುವ ತನಕ ಉಳಿದದ್ದೆಲ್ಲ ಬರೀ ಅಕ್ಷರ. ಬೆಂಗಳೂರಿನಲ್ಲಿ ಎಚ್.ಆರ್. ಕೆಲಸ ಮಾಡುತ್ತಾ ಇಂಥ ಎಷ್ಟೋ ಮೇಲ್‌ಗಳನ್ನು ತಿದ್ದಿದ ಮೇಲೆ ನನಗೆ ಖಾತ್ರಿಯಾದ ಸಂಗತಿ ಇದು.

2014ರ ಜುಲೈನಲ್ಲಿ ಮೈಕ್ರೋಸಾಫ್ಟ್‌ನ ಸ್ಟೀಫನ್ ಎಲಾಪ್ ತಮ್ಮ ವಿಭಾಗದ ಸಿಬ್ಬಂದಿಗೆ ಒಂದು ಮೇಲ್ ಕಳಿಸಿದರು. ಅದರಲ್ಲಿ ಮೊದಲು ಬಂದದ್ದು ಫೋನುಗಳು ಮತ್ತು ಮಾರುಕಟ್ಟೆಯ ಯೋಜನೆಗಳು. ಸುಮಾರು 12,500 ಜನರ ಕೆಲಸ ಹೋಗಲಿದೆ ಅನ್ನುವ ಮಾತು ಬಂದದ್ದು ಹತ್ತು ಪ್ಯಾರಾ ದಾಟಿದ ಮೇಲೆ. ಓದುತ್ತಿದ್ದವರ ಎದೆಬಡಿತ ಹೇಗಿದ್ದಿರಬೇಕು!

ನಮ್ಮಲ್ಲಿ ನಡೆದದ್ದು ಬಹಳ ಚಿಕ್ಕದು. ಹನ್ನೊಂದು ಜನರ ಟೆಸ್ಟಿಂಗ್ ತಂಡವನ್ನು ಒಡೆದು ಆರು ಜನರನ್ನು ಪೇಮೆಂಟ್ಸ್ ತಂಡಕ್ಕೆ, ನಾಲ್ವರನ್ನು ಆ್ಯಪ್ ತಂಡಕ್ಕೆ ಸೇರಿಸುವುದೆಂದು ತೀರ್ಮಾನವಾಗಿತ್ತು. ಉಳಿದ ಒಬ್ಬರು ಆ ತಂಡದ ಲೀಡ್. ತಂಡವೇ ಇಲ್ಲದ ಮೇಲೆ ಲೀಡ್ ಹುದ್ದೆಯೂ ಇಲ್ಲ.

ಮುಖ್ಯಸ್ಥರು ಬರೆದ ಕರಡು ‘ನಾವೆಲ್ಲ ಒಂದು ಕುಟುಂಬ’ ಎಂದು ಶುರುವಾಗುತ್ತಿತ್ತು. ಆಮೇಲೆ ‘ತೀರ್ಮಾನಿಸಲಾಗಿದೆ’, ‘ಹಂಚಲಾಗುವುದು’. ನಮ್ಮ ಸರ್ಕಾರಿ ಸುತ್ತೋಲೆಗಳ ಹಾಗೆ ಅಲ್ಲಿಯೂ ಕೆಲಸಗಳಿದ್ದವು, ಮಾಡಿದವರು ಯಾರೂ ಇರಲಿಲ್ಲ. ನಾನದನ್ನು ಅಕೌಂಟ್ಸ್‌ನ ಗೆಳತಿಯೊಬ್ಬಳ ಕೈಗಿಟ್ಟೆ. ಓದಿ ಮುಗಿಸಿ ಅವಳು ಕೇಳಿದ್ದು ಒಂದೇ: “ಹಾಗಾದ್ರೆ ಎಷ್ಟು ಜನ ಹೋದ್ರು?” ಯಾರೂ ಹೋಗುವವರಿರಲಿಲ್ಲ. ಆದರೆ ಆ ಮಾತು ಕರಡಿನಲ್ಲಿ ಎಲ್ಲಿಯೂ ಇರಲಿಲ್ಲ.

ಕೊನೆಗೆ ಹೋದ ಮೇಲ್ ಇಂಗ್ಲಿಷಿನಲ್ಲಿತ್ತು. ಅದರ ಸಾರ ಕನ್ನಡದಲ್ಲಿ ಹೀಗೆ:

“ಮುಂದಿನ ತಿಂಗಳ 1ರಿಂದ ಟೆಸ್ಟಿಂಗ್ ತಂಡ ಪ್ರತ್ಯೇಕವಾಗಿ ಇರುವುದಿಲ್ಲ. ಈ ಬದಲಾವಣೆಯಿಂದ ಯಾರ ಕೆಲಸವೂ ಹೋಗುವುದಿಲ್ಲ, ಯಾರ ಸಂಬಳವೂ ಕಡಿಮೆಯಾಗುವುದಿಲ್ಲ. ಇದು ನನ್ನ ನಿರ್ಧಾರ. ಟೆಸ್ಟಿಂಗ್ ಕೊನೆಯ ವಾರದಲ್ಲಿ ಶುರುವಾಗಿ ದೋಷಗಳು ತಡವಾಗಿ ಸಿಗುತ್ತಿದ್ದವು, ಕಾರಣ ಇಷ್ಟೇ. ಯಾರು ಯಾವ ತಂಡಕ್ಕೆ, ಯಾರಿಗೆ ವರದಿ ಮಾಡಬೇಕು ಅನ್ನುವ ಪಟ್ಟಿ ಕೆಳಗಿದೆ. ಈಗಾಗಲೇ ಮಂಜೂರಾದ ರಜೆ ಹಾಗೇ ಇರುತ್ತದೆ. ಈ ವರ್ಷದ ಅಪ್ರೈಸಲ್ ಬರೆಯುವವರು ಈಗಿನ ಲೀಡ್. ಕೂರುವ ಜಾಗ ಇನ್ನೂ ತೀರ್ಮಾನವಾಗಿಲ್ಲ, 20ನೇ ತಾರೀಖಿಗೆ ತಿಳಿಸುತ್ತೇನೆ. ಇವತ್ತು ಮಧ್ಯಾಹ್ನ 3ಕ್ಕೆ ಎಲ್ಲರೂ ಸೇರೋಣ.”

ಇದರಲ್ಲಿ ‘ಈ ಬದಲಾವಣೆಯಿಂದ’ ಅನ್ನುವ ಎರಡು ಪದಗಳಿಗಾಗಿ ನಾನು ಹಟ ಹಿಡಿದಿದ್ದೆ. ‘ಯಾರ ಕೆಲಸವೂ ಎಂದಿಗೂ ಹೋಗುವುದಿಲ್ಲ’ ಎಂದು ಬರೆದರೆ ಧೈರ್ಯ ತುಂಬಿದಂತೆ ಕಾಣುತ್ತದೆ, ಆದರೆ ಆ ಮಾತು ಕೊಡುವ ಶಕ್ತಿ ಯಾರಿಗೂ ಇಲ್ಲ. ಆರು ತಿಂಗಳ ನಂತರ ಬೇರೇನಾದರೂ ಆದರೆ ಜನ ಹಳೆಯ ಮೇಲ್ ತೆರೆದು ತೋರಿಸುತ್ತಾರೆ. ಅಲ್ಲಿಂದ ಮುಂದೆ ಕಳಿಸುವ ಯಾವ ಮೇಲನ್ನೂ ಯಾರೂ ನಂಬುವುದಿಲ್ಲ. ಹಾಗೆಯೇ ತೀರ್ಮಾನವಾಗದ ವಿಷಯವನ್ನು ಬಚ್ಚಿಡದೆ, ಅದಕ್ಕೊಂದು ತಾರೀಖು ಹಾಕುವುದು ಲೇಸು. ‘ಶೀಘ್ರದಲ್ಲೇ’ ಅನ್ನುವ ಪದ ಕಂಡಲ್ಲಿ ಕ್ಯಾಂಟೀನಿನಲ್ಲಿ ಗಾಳಿಸುದ್ದಿ ಹುಟ್ಟುತ್ತದೆ.

ಮೇಲ್ ಎಷ್ಟೇ ಚೆನ್ನಾಗಿರಲಿ, ಅದಕ್ಕಿಂತ ಮೊದಲು ಬಾಯಿಮಾತು ಆಗಬೇಕು. ತನ್ನ ಹುದ್ದೆ ಹೋದದ್ದನ್ನು ಐವತ್ತು ಜನರ ಜೊತೆಗೆ ಒಂದೇ ಗಳಿಗೆಯಲ್ಲಿ ಓದುವುದಕ್ಕಿಂತ ದೊಡ್ಡ ಅವಮಾನ ಇನ್ನೊಂದಿಲ್ಲ. ಸೋಮವಾರ ಲೀಡ್ ಜೊತೆ ಮುಖ್ಯಸ್ಥರು ಮತ್ತು ನಾನು ಕೂತೆವು. ಮಂಗಳವಾರ ಬೆಳಿಗ್ಗೆ ಹತ್ತು ಜನರ ಜೊತೆ ಒಬ್ಬೊಬ್ಬರಾಗಿ ಮಾತಾಡಿ ಮುಗಿಸಿದ ಮೇಲೆಯೇ ಎಲ್ಲರಿಗೂ ಮೇಲ್ ಹೋಯಿತು. ಶುಕ್ರವಾರ ಸಂಜೆ ಬೇಡವೆಂದೆ. ಆಗ ಕಳಿಸಿದರೆ ಕೇಳಲು ಯಾರೂ ಸಿಗದೆ ಜನ ಎರಡು ದಿನ ಮನೆಯಲ್ಲಿ ನಿದ್ದೆಗೆಡುತ್ತಾರೆ.

ಲೀಡ್‌ಗೆ ಎರಡು ದಾರಿಗಳಿದ್ದವು: ಅದೇ ಸಂಬಳದಲ್ಲಿ ಆಟೊಮೇಷನ್ ಕೆಲಸ, ಇಲ್ಲವೇ ಬೇರೆ ವಿಭಾಗ. ಯೋಚಿಸಲು ಎರಡು ವಾರ. ಅವರ ಬಗ್ಗೆ ಮೇಲಿನಲ್ಲಿ ಹೋಗುವ ಸಾಲನ್ನು ಅವರಿಗೇ ತೋರಿಸಿದೆವು. ‘ಹೊಸ ಅವಕಾಶಗಳನ್ನು ಅರಸುತ್ತಿದ್ದಾರೆ’ ಎಂದಿತ್ತು. ಅವರು ಸ್ವಲ್ಪ ಹೊತ್ತು ನೋಡಿದರು.

“ನಾನೇನೂ ಅರಸ್ತಾ ಇಲ್ಲ ಮೇಡಂ. ಹುದ್ದೆ ಇಲ್ಲ ಅಂತಲೇ ಬರೀರಿ. ಇಲ್ಲದಿದ್ರೆ ಹುಡುಗರು ನಾನೇ ಬಿಟ್ಟು ಹೋದೆ ಅಂದ್ಕೋತಾರೆ.”

ಹಾಗೇ ಬರೆದೆವು: ‘ಲೀಡ್ ಹುದ್ದೆ ಮುಗಿಯುತ್ತಿದೆ. ಅದು ಅವರು ಬಯಸಿದ್ದಲ್ಲ. ಮುಂದಿನ ಪಾತ್ರವನ್ನು ಅವರು ಎರಡು ವಾರದಲ್ಲಿ ಆರಿಸಿಕೊಳ್ಳುತ್ತಾರೆ.’ ಇಡೀ ಮೇಲಿನಲ್ಲಿ ಇಷ್ಟು ಒರಟಾದ ಸಾಲು ಇನ್ನೊಂದಿರಲಿಲ್ಲ. ಮೂರು ಗಂಟೆಯ ಸಭೆ ಮುಗಿದಾಗ ಹುಡುಗರು ಮೊದಲು ಎದ್ದು ಹೋದದ್ದು ಅವರ ಹತ್ತಿರಕ್ಕೇ.